ಸೈಕಲ್ಸ್ ರೆಂಡರ್‌ನಲ್ಲಿ ಮಿಂಚುಹುಳುಗಳು ಮತ್ತು ಹೋಗದ ನಾಯ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟದ ಉತ್ತರಗಳೆಲ್ಲ ಬ್ಲೆಂಡರ್‌ನ ಸೈಕಲ್ಸ್ ಎಂಜಿನ್ ಕುರಿತಾದವು, ಮತ್ತು ಒಂದೇ ದೃಶ್ಯದ ಸುತ್ತ ಹೆಣೆದವು. ರಾತ್ರಿ ಹೊತ್ತಿನ ಒಂದು ಕೋಣೆ. ನೆಲದಿಂದ 2 ಮೀಟರ್ ಎತ್ತರದಲ್ಲಿ ತೂಗುತ್ತಿರುವ ತೆಳುವಾದ ಗಾಜಿನ ಗೋಳ, ಅದರೊಳಗೆ 3 ಸೆಂಟಿಮೀಟರ್ ತ್ರಿಜ್ಯದ ಬಲ್ಬು. ಪಕ್ಕದ ಮೇಜಿನ ಮೇಲೆ ನೀರು ತುಂಬಿದ ಗಾಜಿನ ಲೋಟ ಮತ್ತು ಒಂದು ಸ್ಟೀಲ್ ಪಾತ್ರೆ. ಕೋಣೆಗೆ ಬೇರೆ ಬೆಳಕಿಲ್ಲ. ಇಷ್ಟು ಸರಳವಾದ ದೃಶ್ಯವೂ ಗಂಟೆಗಟ್ಟಲೆ ರೆಂಡರ್ ಮಾಡಿದ ಮೇಲೆ ಬಿಳಿ ಚುಕ್ಕೆಗಳಿಂದ ತುಂಬಿರುತ್ತದೆ.

ಮಿಂಚುಹುಳು ಎಂದರೆ ಏನು? ಸಾಮಾನ್ಯ ನಾಯ್ಸ್‌ಗೂ ಅದಕ್ಕೂ ಏನು ವ್ಯತ್ಯಾಸ?

ಪಾತ್ ಟ್ರೇಸಿಂಗ್‌ನಲ್ಲಿ ಪ್ರತಿಯೊಂದು ಪಿಕ್ಸೆಲ್‌ನ ಬಣ್ಣವೂ ಹಲವು ಕಿರಣಗಳು ತಂದ ಬೆಳಕಿನ ಸರಾಸರಿ. ಕ್ಯಾಮೆರಾದಿಂದ ಹೊರಟ ಕಿರಣ ನೆಲಕ್ಕೆ ತಾಗಿ, ಅಲ್ಲಿಂದ ಯಾವುದೋ ಒಂದು ದಿಕ್ಕಿಗೆ ಹೊರಳಿ, ಕೊನೆಗೆ ಬೆಳಕಿನ ಮೂಲವನ್ನು ಮುಟ್ಟಿದರೆ ಒಂದಿಷ್ಟು ಬೆಳಕನ್ನು ಹೊತ್ತು ತರುತ್ತದೆ. ಒಂದು ದಿಕ್ಕನ್ನು ಆರಿಸಿಕೊಳ್ಳುವ ಸಂಭವ ಎಷ್ಟು ಕಡಿಮೆಯೋ, ಆ ದಿಕ್ಕಿನಿಂದ ಬಂದ ಬೆಳಕಿಗೆ ಎಂಜಿನ್ ಅಷ್ಟೇ ಹೆಚ್ಚಿನ ತೂಕ ಕೊಡುತ್ತದೆ. ಹಾಗೆ ಕೊಟ್ಟರೆ ಮಾತ್ರ ಒಟ್ಟು ಸರಾಸರಿ ಸರಿಯಾಗಿ ಬರುತ್ತದೆ.

ಹೀಗೆ ಹೊರಟ ಒಂದೊಂದು ಕಿರಣವೂ ಒಂದು ಸ್ಯಾಂಪಲ್. ಎಲ್ಲ ಸ್ಯಾಂಪಲ್‌ಗಳೂ ಹೆಚ್ಚುಕಡಿಮೆ ಒಂದೇ ಅಳತೆಯ ಬೆಳಕು ತಂದರೆ ಉಳಿಯುವುದು ಮರಳಿನಂಥ ಮೃದುವಾದ ನಾಯ್ಸ್, ಅದು ಬೇಗ ಕರಗುತ್ತದೆ. ಸಾವಿರಾರು ಸ್ಯಾಂಪಲ್‌ಗಳು ಏನನ್ನೂ ತಾರದೆ ಒಂದೇ ಒಂದು ಸ್ಯಾಂಪಲ್ ಎಲ್ಲರ ಪಾಲನ್ನೂ ಹೊತ್ತು ತಂದರೆ ಆ ಪಿಕ್ಸೆಲ್ ಬೆಳ್ಳಗೆ ಹೊಳೆಯುತ್ತದೆ, ಸುತ್ತಲಿನವು ಕತ್ತಲಾಗಿಯೇ ಉಳಿಯುತ್ತವೆ. ಅದೇ ಮಿಂಚುಹುಳು. ಅದನ್ನು ಚಿತ್ರಕ್ಕೆ ಅಂಟಿದ ಕೊಳೆಯೆಂದು ತಿಳಿಯಬಾರದು. ಸುತ್ತಲಿನ ಪಿಕ್ಸೆಲ್‌ಗಳಿಗೆ ಹಂಚಿಹೋಗಬೇಕಾಗಿದ್ದ ನಿಜವಾದ ಬೆಳಕೇ ಒಂದು ಕಡೆ ಗುಡ್ಡೆಯಾಗಿದೆ. ಮುಂದಿನ ಉತ್ತರಗಳೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿವೆ.

ಸ್ಯಾಂಪಲ್‌ಗಳನ್ನು ಹೆಚ್ಚಿಸಿದರೆ ಸಾಲದೇ?

ಸಾಲದು. ಎಷ್ಟರ ಮಟ್ಟಿಗೆ ಸಾಲದು ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಬಲ್ಬಿನ ನೇರ ಕೆಳಗಿರುವ ನೆಲದ ಬಿಂದುವಿನಿಂದ ಮೇಲಕ್ಕೆ ಹೊರಟ ಕಿರಣವು ಬಲ್ಬನ್ನು ತಾಗುವ ಸಂಭವ, ಬಲ್ಬಿನ ತ್ರಿಜ್ಯವನ್ನು ದೂರದಿಂದ ಭಾಗಿಸಿ ವರ್ಗ ಮಾಡಿದಷ್ಟು ಇರುತ್ತದೆ. ಮ್ಯಾಟ್ ನೆಲಕ್ಕೆ ಸೈಕಲ್ಸ್ ದಿಕ್ಕುಗಳನ್ನು ಆರಿಸುವ ಕ್ರಮದಿಂದ ಈ ಸರಳ ಸೂತ್ರ ಸಿಗುತ್ತದೆ. ತೆಳುವಾದ ಗೋಳ ಕಿರಣವನ್ನು ಹೆಚ್ಚು ಬಾಗಿಸದ ಕಾರಣ ಅದನ್ನು ಇಲ್ಲಿ ಮರೆಯಬಹುದು.

```
p = (0.03 / 2)^2 = 0.000225   ≈ 1 / 4444
```

ಅಂದರೆ 4444 ಕಿರಣಗಳಲ್ಲಿ ಒಂದು ಮಾತ್ರ ಬಲ್ಬನ್ನು ಮುಟ್ಟುತ್ತದೆ. ಪಿಕ್ಸೆಲ್ಲಿಗೆ 256 ಸ್ಯಾಂಪಲ್ ಕೊಟ್ಟಾಗ ಸುಮಾರು 18 ಪಿಕ್ಸೆಲ್‌ಗಳಲ್ಲಿ ಒಂದಕ್ಕೆ ಮಾತ್ರ ಬೆಳಕು ಸಿಗುತ್ತದೆ, ಮತ್ತು ಸಿಕ್ಕ ಪಿಕ್ಸೆಲ್ ಇರಬೇಕಾದುದಕ್ಕಿಂತ 17 ಪಟ್ಟು ಹೆಚ್ಚು ಬೆಳಗುತ್ತದೆ. 1024 ಸ್ಯಾಂಪಲ್ ಕೊಟ್ಟರೆ ಐದರಲ್ಲಿ ಒಂದು ಪಿಕ್ಸೆಲ್ ಬೆಳಗುತ್ತದೆ, ಅದು ಆಗಲೂ ನಾಲ್ಕು ಪಟ್ಟಿಗಿಂತ ಹೆಚ್ಚು ಬೆಳ್ಳಗಿರುತ್ತದೆ. ಸ್ಯಾಂಪಲ್‌ಗಳನ್ನು ನಾಲ್ಕು ಪಟ್ಟು ಮಾಡಿದರೆ ನಾಯ್ಸ್ ಅರ್ಧವಾಗುತ್ತದೆ ಎಂಬುದು ಈ ವಿಧಾನದ ನಿಯಮ. ಅದರಂತೆ ಈ ನೆಲದ ನಾಯ್ಸನ್ನು ಶೇ. 10ಕ್ಕೆ ಇಳಿಸಲು ಪ್ರತಿ ಪಿಕ್ಸೆಲ್ಲಿಗೆ ಸುಮಾರು 4,44,000 ಸ್ಯಾಂಪಲ್ ಬೇಕು. ಅಷ್ಟು ಹೊತ್ತು ಯಾರೂ ಕಾಯಲಾರರು. ಕಿರಣ ಬಲ್ಬನ್ನು ಹುಡುಕುವ ರೀತಿಯನ್ನೇ ಬದಲಿಸಬೇಕು.

ಚುಕ್ಕೆಗಳು ಯಾವ ದಾರಿಯಿಂದ ಬರುತ್ತಿವೆ ಎಂದು ತಿಳಿಯುವುದು ಹೇಗೆ?

ಮೊದಲು, ಚುಕ್ಕೆಗಳನ್ನು ಮರೆಮಾಚುವ ಎಲ್ಲ ಸೌಕರ್ಯಗಳನ್ನೂ ತೆಗೆದುಹಾಕಿ. ಸೈಕಲ್ಸ್‌ನ ಮೂಲ ಸೆಟ್ಟಿಂಗ್‌ನಲ್ಲೇ ಪರೋಕ್ಷ ಬೆಳಕಿನ ಕ್ಲ್ಯಾಂಪ್, ಅಂದರೆ ಒಂದು ಸ್ಯಾಂಪಲ್ ತರಬಹುದಾದ ಬೆಳಕಿನ ಮಿತಿ, 10 ಇರುತ್ತದೆ, `Filter Glossy` 1 ಇರುತ್ತದೆ. ಅವು ಇರುವಷ್ಟು ಕಾಲ ನೀವು ನೋಡುತ್ತಿರುವುದು ದೃಶ್ಯದ ನಿಜವಾದ ಬೆಳಕಲ್ಲ. ಡಿನಾಯ್ಸರ್ ಕೂಡ ನಿಲ್ಲಿಸಿ, ಬ್ಲೆಂಡರ್‌ನ ಪೈಥಾನ್ ಕನ್ಸೋಲಿನಲ್ಲಿ ಈ ಸಾಲುಗಳನ್ನು ಓಡಿಸಿ:

```python
import bpy
c = bpy.context.scene.cycles
c.sample_clamp_direct = 0.0
c.sample_clamp_indirect = 0.0
c.blur_glossy = 0.0
c.caustics_reflective = True
c.caustics_refractive = True
c.use_denoising = False
```

ಕ್ಲ್ಯಾಂಪ್‌ಗೆ 0 ಎಂದರೆ ಮಿತಿಯೇ ಇಲ್ಲ ಎಂದರ್ಥ. ಈಗ `Ctrl+B` ಒತ್ತಿ ತೊಂದರೆಯಿರುವ ಜಾಗವನ್ನಷ್ಟೇ ಚೌಕಟ್ಟಿಗೆ ತಂದು, ಒಮ್ಮೆ ರೆಂಡರ್ ಮಾಡಿ. `Seed` ಸಂಖ್ಯೆಯನ್ನು ಬದಲಿಸಿ ಮತ್ತೊಮ್ಮೆ ಮಾಡಿ. ಚುಕ್ಕೆಗಳು ಜಾಗ ಬದಲಿಸಿದರೆ ಅವು ಮಿಂಚುಹುಳುಗಳೇ. ಒಂದೇ ಜಾಗದಲ್ಲಿ ನಿಂತಿದ್ದರೆ ದೋಷ ಬೇರೆ ಕಡೆ ಇದೆ: ಒಂದರ ಮೇಲೊಂದು ಕೂತ ಎರಡು ಮೇಲ್ಮೈಗಳು, ಕೆಟ್ಟ ನಾರ್ಮಲ್‌ಗಳು, ಅಥವಾ ಟೆಕ್ಸ್ಚರ್‌ನಲ್ಲೇ ಇರುವ ಅತಿ ಬೆಳಗಿನ ಬಿಂದು. ಇದನ್ನು ಕ್ಲ್ಯಾಂಪ್‌ನಿಂದ ಸರಿಮಾಡಲು ಹೊರಟು ದಿನ ಕಳೆದವರನ್ನು ಕಂಡಿದ್ದೇನೆ. ಎರಡು ನಿಮಿಷದ ಈ ಪರೀಕ್ಷೆಯನ್ನು ದಯವಿಟ್ಟು ಬಿಡಬೇಡಿ.

ಬಳಿಕ ಪಾಸ್‌ಗಳನ್ನು ಬೇರೆಬೇರೆಯಾಗಿ ನೋಡಿ. ನಮ್ಮ ಕೋಣೆಯಲ್ಲಿ `Diffuse Direct` ಪಾಸ್ ತೆರೆದರೆ ನೆಲ ಪೂರ್ತಿ ಕಪ್ಪಾಗಿ ಕಾಣುತ್ತದೆ, ಬೆಳಕೆಲ್ಲ ಚುಕ್ಕೆಚುಕ್ಕೆಯಾಗಿ `Diffuse Indirect` ಪಾಸ್‌ನಲ್ಲಿ ಕೂತಿರುತ್ತದೆ. ತಲೆಯ ಮೇಲೇ ದೀಪವಿದ್ದರೂ ನೇರ ಬೆಳಕಿನ ಪಾಸ್ ಕಪ್ಪಾಗಿದೆ ಎಂದರೆ, ಎಂಜಿನ್ ದೀಪವನ್ನು ನೇರವಾಗಿ ತಲುಪಲು ಆಗುತ್ತಿಲ್ಲ ಎಂಬುದೇ ರೋಗದ ಮೂಲ.

ಸೈಕಲ್ಸ್ ದೀಪಗಳನ್ನು ತಾನಾಗಿಯೇ ಗುರಿಯಿಟ್ಟು ಸ್ಯಾಂಪಲ್ ಮಾಡುತ್ತದಲ್ಲವೇ? ಇಲ್ಲಿ ಏಕೆ ಮಾಡುತ್ತಿಲ್ಲ?

ಮಾಡುತ್ತದೆ, ಆದರೆ ಗಾಜು ಅಡ್ಡ ಬಂದಿದೆ. ಕಿರಣ ಯಾವುದೋ ದಿಕ್ಕಿಗೆ ಹೋಗಿ ಅದೃಷ್ಟದಿಂದ ಬಲ್ಬನ್ನು ಮುಟ್ಟಲಿ ಎಂದು ಕಾಯುವ ಬದಲು, ತಾಗಿದ ಪ್ರತಿ ಬಿಂದುವಿನಿಂದಲೂ ದೀಪದ ಕಡೆಗೇ ಒಂದು ಶ್ಯಾಡೋ ರೇ ಕಳುಹಿಸಿ, ನಡುವೆ ಏನೂ ಇಲ್ಲದಿದ್ದರೆ ಬೆಳಕನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಬೆಳಕಿನ ಸ್ಯಾಂಪ್ಲಿಂಗ್. ಇದು ಚಿಕ್ಕ ದೀಪಗಳಿಗೆ ಚೆನ್ನಾಗಿ ಒದಗುತ್ತದೆ. ದೊಡ್ಡ ದೀಪ ನುಣುಪಾದ ಮೇಲ್ಮೈಯಲ್ಲಿ ಪ್ರತಿಬಿಂಬಿಸುವಾಗ ಮೇಲ್ಮೈಯ ದಿಕ್ಕನ್ನು ಅನುಸರಿಸುವುದೇ ಒಳ್ಳೆಯದು. ಎರಡನ್ನೂ ಮಾಡಿ, ಆಯಾ ಸಂದರ್ಭದಲ್ಲಿ ಯಾವುದು ನಂಬಲರ್ಹವೋ ಅದಕ್ಕೆ ಹೆಚ್ಚು ತೂಕ ಕೊಡುವ ವಿಧಾನವನ್ನು ಎರಿಕ್ ವೀಚ್ ಮತ್ತು ಲಿಯೊನಿಡಾಸ್ ಗಿಬಾಸ್ 1995ರಲ್ಲಿ ಪ್ರಕಟಿಸಿದರು. ಲೈಟ್‌ನ ಸೆಟ್ಟಿಂಗ್‌ನಲ್ಲಿ ಕಾಣುವ `Multiple Importance` ಎಂಬ ಗುರುತು ಅದೇ.

ಶ್ಯಾಡೋ ರೇ ನೇರ ಗೆರೆಯಲ್ಲಿ ಹೋಗುತ್ತದೆ, ಗಾಜು ಬೆಳಕನ್ನು ಬಾಗಿಸುತ್ತದೆ. ಬಾಗಿದ ದಾರಿಯನ್ನು ನೇರ ಗೆರೆಯಿಂದ ಅಳೆಯಲಾಗದ ಕಾರಣ, ಸೈಕಲ್ಸ್ ಗಾಜನ್ನು ಶ್ಯಾಡೋ ರೇಗೆ ಗೋಡೆಯಂತೆಯೇ ಎಣಿಸುತ್ತದೆ. ಹೀಗಾಗಿ ಗೋಳದೊಳಗಿನ ಬಲ್ಬಿನಿಂದ ಹೊರಬರುವ ಬೆಳಕೆಲ್ಲವೂ ಕಾಸ್ಟಿಕ್ಸ್ ಆಗಿಬಿಡುತ್ತದೆ. ಕಾಸ್ಟಿಕ್ಸ್ ಎಂದರೆ ಲೋಟದ ನೆರಳಲ್ಲಿ ಹೊಳೆಯುವ ಗೆರೆಗಳು ಎಂದಷ್ಟೇ ನಾವು ಅಂದುಕೊಂಡಿರುತ್ತೇವೆ. ಎಂಜಿನ್ನಿನ ದೃಷ್ಟಿಯಲ್ಲಿ, ಮ್ಯಾಟ್ ಮೇಲ್ಮೈಯಿಂದ ಹೊರಟು ಗಾಜು ಅಥವಾ ಕನ್ನಡಿಯ ಮೂಲಕ ದೀಪ ಸೇರುವ ಪ್ರತಿ ದಾರಿಯೂ ಕಾಸ್ಟಿಕ್ಸ್. ಹಗಲಿನ ದೃಶ್ಯದಲ್ಲಿ ಕಿಟಕಿಗೆ ದಪ್ಪ ಗಾಜನ್ನು ಹಾಕಿ ಹೊರಗೆ ಸೂರ್ಯನನ್ನು ಇಟ್ಟವರಿಗೂ ಇದೇ ಗತಿ.

ಹಾಗಾದರೆ ಗೋಳವನ್ನು ಹೇಗೆ ಸರಿಪಡಿಸಬೇಕು?

ತೆಳು ಗಾಜು ಕಿರಣವನ್ನು ಎಷ್ಟು ಕಡಿಮೆ ಬಾಗಿಸುತ್ತದೆಂದರೆ, ನೆಲದ ಮೇಲೆ ಬೀಳುವ ಬೆಳಕಿನ ಮಟ್ಟಿಗೆ ಅದು ಬಾಗಿಸುವುದೇ ಇಲ್ಲ ಎಂದು ಒಪ್ಪಿಕೊಳ್ಳಬಹುದು. ಕ್ಯಾಮೆರಾಗೆ ಗಾಜು ಗಾಜಿನಂತೆಯೇ ಕಾಣಲಿ, ಶ್ಯಾಡೋ ರೇಗೆ ಮಾತ್ರ ಪಾರದರ್ಶಕವಾಗಿರಲಿ. ಗೋಳದ ಮೆಟೀರಿಯಲ್‌ನಲ್ಲಿ ಒಂದು `Mix Shader` ಇಟ್ಟು, ಮೊದಲ ತೂತಿಗೆ `Glass BSDF`, ಎರಡನೆಯದಕ್ಕೆ `Transparent BSDF` ಜೋಡಿಸಿ. `Light Path` ನೋಡ್‌ನ `Is Shadow Ray` ಮತ್ತು `Is Diffuse Ray` ಎರಡನ್ನೂ `Math` ನೋಡ್‌ಗೆ ಕೊಟ್ಟು, ಅದನ್ನು `Maximum`ಗೆ ಇಟ್ಟು, ಬಂದ ಫಲವನ್ನು `Mix Shader`ನ `Factor`ಗೆ ಸೇರಿಸಿ.

ಎರಡನೆಯದನ್ನು, ಅಂದರೆ `Is Diffuse Ray`ಯನ್ನು, ಬಹಳ ಮಂದಿ ಬಿಟ್ಟುಬಿಡುತ್ತಾರೆ. ಅದನ್ನು ಬಿಟ್ಟರೆ ಶ್ಯಾಡೋ ರೇ ಒಮ್ಮೆ ಬಲ್ಬನ್ನು ಎಣಿಸುತ್ತದೆ, ನೆಲದಿಂದ ಹೊರಟು ಗಾಜಿನಲ್ಲಿ ಬಾಗಿ ಹೋದ ಅಪರೂಪದ ಕಿರಣ ಅದೇ ಬಲ್ಬನ್ನು ಮತ್ತೊಮ್ಮೆ ಎಣಿಸುತ್ತದೆ. ಕೋಣೆ ಹೆಚ್ಚು ಬೆಳಗುವುದಲ್ಲದೆ ಮಿಂಚುಹುಳುಗಳೂ ಹಾಗೆಯೇ ಉಳಿಯುತ್ತವೆ.

ಬೆಳಕಿನ ಪ್ರಮಾಣವನ್ನೂ ಸರಿದೂಗಿಸಬೇಕು. ನೇರವಾಗಿ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 4ರಷ್ಟನ್ನು ಸಾಮಾನ್ಯ ಗಾಜಿನ ಪ್ರತಿ ಮೇಲ್ಮೈಯೂ ಹಿಂದಕ್ಕೆ ಪ್ರತಿಫಲಿಸುತ್ತದೆ. ಗೋಳಕ್ಕೆ ಒಳಗೊಂದು ಹೊರಗೊಂದು ಮೇಲ್ಮೈ ಇದ್ದರೆ `Transparent BSDF`ನ ಬಣ್ಣವನ್ನು 0.96ಕ್ಕೆ ಇಡಿ, ಎರಡನ್ನೂ ದಾಟುವಾಗ ಒಟ್ಟು ಶೇ. 8ರಷ್ಟು ತಾನಾಗಿಯೇ ಕಳೆಯುತ್ತದೆ. ಒಂದೇ ಪದರದ ಗೋಳವಾದರೆ 0.92 ಇಡಿ. ಬಣ್ಣದ ಗಾಜಾದರೆ ಆ ಬಣ್ಣವನ್ನೂ ಇಲ್ಲೇ ಕೊಡಬೇಕು, ಇಲ್ಲವಾದರೆ ಹಸಿರು ಗೋಳದಿಂದ ಬಿಳಿ ಬೆಳಕು ಸುರಿಯುತ್ತದೆ. ಪಾರದರ್ಶಕ ಮೇಲ್ಮೈ ಒಂದೊಂದೂ `Transparent` ಬೌನ್ಸ್‌ಗಳ ಲೆಕ್ಕಕ್ಕೆ ಸೇರುತ್ತದೆ. ಮೂಲ ಮಿತಿ 8 ಇರುವುದರಿಂದ, ಸಾಲಾಗಿ ಹಲವು ಗೋಳಗಳು ಒಂದರ ಹಿಂದೊಂದು ಬಂದರೆ ಅದನ್ನು ಏರಿಸಬೇಕಾದೀತು.

ಇಷ್ಟಾದ ಮೇಲೆ ಮತ್ತೆ `Diffuse Direct` ಪಾಸ್ ನೋಡಿ. ಕಪ್ಪಾಗಿದ್ದ ನೆಲದಲ್ಲಿ ಈಗ ದೀಪದ ಬೆಳಕು ಹರಡಿರುತ್ತದೆ, ನೆಲದ ಚುಕ್ಕೆಗಳು ಕೆಲವೇ ಡಜನ್ ಸ್ಯಾಂಪಲ್‌ಗಳಲ್ಲಿ ಮರೆಯಾಗುತ್ತವೆ. ದಪ್ಪ ಗಾಜು, ಕೆತ್ತನೆಯ ಗಾಜು, ಸ್ಫಟಿಕದ ತೂಗುದೀಪಗಳಿಗೆ ಈ ಉಪಾಯ ಒಗ್ಗದು. ಅವುಗಳ ಸೌಂದರ್ಯವೇ ಬಾಗಿದ ಬೆಳಕಿನಲ್ಲಿದೆ.

ಬಲ್ಬನ್ನು ಹೊಳೆಯುವ ಮೆಶ್ ಆಗಿ ಮಾಡಬೇಕೇ, ಪಾಯಿಂಟ್ ಲೈಟ್ ಇಡಬೇಕೇ?

ಪಾಯಿಂಟ್ ಲೈಟ್ ಇಟ್ಟು ಅದರ ತ್ರಿಜ್ಯವನ್ನು 0.03 ಮೀಟರ್ ಮಾಡುವುದು ಉತ್ತಮ. ಮೆಶ್ ಬಲ್ಬಿನ ಪ್ರತಿ ತ್ರಿಕೋನವೂ ಒಂದೊಂದು ಪ್ರತ್ಯೇಕ ದೀಪವಾಗಿ ಎಣಿಕೆಯಾಗುತ್ತದೆ. ಸಾವಿರ ತ್ರಿಕೋನಗಳ ಬಲ್ಬು ಎಂದರೆ ಸಾವಿರ ದೀಪಗಳು, ಅವುಗಳಲ್ಲಿ ಅರ್ಧದಷ್ಟು ನೆಲಕ್ಕೆ ಬೆನ್ನು ತಿರುಗಿಸಿರುತ್ತವೆ. ದೀಪಗಳೇ ನೂರಾರು ಇರುವ ದೃಶ್ಯಗಳಿಗಾಗಿ ಬ್ಲೆಂಡರ್ 3.5ರಲ್ಲಿ ಲೈಟ್ ಟ್ರೀ ಬಂದಿತು. ಅದು ದೂರ, ಶಕ್ತಿ ಮತ್ತು ದಿಕ್ಕನ್ನು ನೋಡಿ ಆಯಾ ಬಿಂದುವಿಗೆ ಮುಖ್ಯವಾದ ದೀಪವನ್ನು ಹೆಚ್ಚು ಸಲ ಆರಿಸುತ್ತದೆ. ಆದರೆ ನಡುವೆ ಗೋಡೆಯಿದೆಯೇ ಎಂಬುದು ಅದಕ್ಕೆ ತಿಳಿಯದು. ಪಕ್ಕದ ಕೋಣೆಯ ಪ್ರಬಲ ದೀಪ ಈ ಕೋಣೆಯ ಸ್ಯಾಂಪಲ್‌ಗಳನ್ನು ಕಬಳಿಸುತ್ತಿದ್ದರೆ ಅದನ್ನು ನಂದಿಸಿಬಿಡಿ.

ಕ್ಲ್ಯಾಂಪ್ ಎಷ್ಟು ಇಡಬೇಕು?

ಎಷ್ಟು ಎನ್ನುವುದಕ್ಕೆ ಮೊದಲು ಯಾವಾಗ ಎಂದು ಕೇಳಬೇಕು. ಗೋಳವನ್ನು ಸರಿಪಡಿಸುವ ಮೊದಲಿನ ನೆಲವನ್ನೇ ತೆಗೆದುಕೊಳ್ಳಿ. ಅಲ್ಲಿನ ನಿಜವಾದ ಬೆಳಕು 0.5 ಎಂದಿಟ್ಟುಕೊಂಡರೆ, 4444ರಲ್ಲಿ ಒಂದು ಸ್ಯಾಂಪಲ್ ಮಾತ್ರ ಬೆಳಕು ತರುವುದರಿಂದ ಆ ಒಂದರ ಮೌಲ್ಯ 2222 ಇರಬೇಕು. ಕ್ಲ್ಯಾಂಪ್ ಅದನ್ನು 10ಕ್ಕೆ ಕತ್ತರಿಸುತ್ತದೆ. ಸರಾಸರಿ 0.00225ಕ್ಕೆ ಇಳಿಯುತ್ತದೆ, ಅಂದರೆ ಇರಬೇಕಾದ ಬೆಳಕಿನ 222ನೇ ಒಂದು ಭಾಗ. ಚುಕ್ಕೆಗಳು ಹೋದವು, ಜೊತೆಗೆ ದೀಪವೂ ಹೋಯಿತು. “ದೀಪದ ಶಕ್ತಿ ಎಷ್ಟು ಏರಿಸಿದರೂ ಕೋಣೆ ಬೆಳಗುತ್ತಿಲ್ಲ” ಎಂಬ ದೂರಿನ ಹಿಂದೆ ಬಹುಮಟ್ಟಿಗೆ ಇದೇ ಕಾರಣವಿರುತ್ತದೆ: ಕತ್ತರಿಸಿದ ಮೇಲೆ ಎಲ್ಲವೂ 10 ಆಗುವುದರಿಂದ, ಶಕ್ತಿ ಹತ್ತು ಪಟ್ಟಾದರೂ ನೆಲದ ಬೆಳಕು ಬದಲಾಗುವುದಿಲ್ಲ.

ಗೋಳ ಸರಿಯಾದ ಮೇಲಿನ ಸ್ಥಿತಿ ಬೇರೆ. ಈಗ ಗೋಡೆಯ ಬೆಳಕು 0.4ರಷ್ಟಿದ್ದು, ಅದರ ಬಹುಪಾಲು ನೇರವಾಗಿ ಬರುತ್ತಿದೆ. ಸ್ಟೀಲ್ ಪಾತ್ರೆಯ ಮೈಯಿಂದ ಪುಟಿದು ಬಲ್ಬನ್ನು ಮುಟ್ಟಿದ ಒಂದೋ ಎರಡೋ ಕಿರಣಗಳು ಮಾತ್ರ ಚುಕ್ಕೆಯಾಗಿ ಉಳಿದಿವೆ. 512 ಸ್ಯಾಂಪಲ್‌ಗಳಲ್ಲಿ ಒಂದು 300ರ ಮೌಲ್ಯ ತಂದರೆ ಆ ಪಿಕ್ಸೆಲ್ಲಿಗೆ 0.59 ಸೇರಿ ಅದು ಎರಡು ಪಟ್ಟಿಗಿಂತ ಹೆಚ್ಚು ಬೆಳಗುತ್ತದೆ. 10ಕ್ಕೆ ಕ್ಲ್ಯಾಂಪ್ ಮಾಡಿದರೆ ಸೇರುವುದು 0.02 ಮಾತ್ರ. ಇಲ್ಲಿ ಕಳೆದುಕೊಂಡದ್ದು ಗೋಡೆಯ ಬೆಳಕಿನ ಒಂದು ಸಣ್ಣ ಅಂಶ, ಉಳಿದದ್ದು ಶುಭ್ರವಾದ ಗೋಡೆ. ಪಿಕ್ಸೆಲ್‌ನ ಒಟ್ಟು ಬೆಳಕಿನಲ್ಲಿ ಅಪರೂಪದ ಸ್ಯಾಂಪಲ್‌ಗಳ ಪಾಲು ಚಿಕ್ಕದಾಗಿರುವಾಗ ಮಾತ್ರ ಕ್ಲ್ಯಾಂಪ್ ನ್ಯಾಯವಾದ ಸಾಧನ ಎಂಬುದು ನನ್ನ ಖಚಿತ ಅಭಿಪ್ರಾಯ.

ಬೆಲೆಯನ್ನು ಹೀಗೆ ಆರಿಸಿ. 0 ಇಟ್ಟು ಒಂದು ಚಿತ್ರ, `Indirect Light` 30 ಇಟ್ಟು ಇನ್ನೊಂದು ಚಿತ್ರ ರೆಂಡರ್ ಮಾಡಿ, ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ. ಉಳಿಯುವುದು ಒಂಟಿ ಚುಕ್ಕೆಗಳಷ್ಟೇ ಆಗಿದ್ದರೆ ಬೆಲೆಯನ್ನು ಇಳಿಸುತ್ತ ಹೋಗಬಹುದು. ಯಾವುದಾದರೂ ಮೇಲ್ಮೈಯ ಆಕಾರವೇ ಮಸುಕಾಗಿ ಕಾಣತೊಡಗಿತೋ, ನೀವು ನಿಜವಾದ ಬೆಳಕನ್ನು ಕತ್ತರಿಸುತ್ತಿದ್ದೀರಿ. 10 ಎಂಬ ಸಂಖ್ಯೆಗೆ ಎಲ್ಲ ದೃಶ್ಯಗಳಲ್ಲೂ ಒಂದೇ ಅರ್ಥವಿಲ್ಲ. ಗೋಡೆಗಳ ಬೆಳಕು 0.5 ಇರುವ ಕೋಣೆಗೆ ಅದು ಧಾರಾಳ, ಬಿಸಿಲಿನಲ್ಲಿ ನೆಲವೇ 20ಕ್ಕೆ ಏರಿರುವ ದೃಶ್ಯಕ್ಕೆ ಅದು ಕೊಡಲಿ. `Direct Light` ಕ್ಲ್ಯಾಂಪ್ ಅನ್ನು 0ಯಲ್ಲೇ ಬಿಡಿ. ಅದನ್ನು ಮುಟ್ಟಿದರೆ ಪಾತ್ರೆಯ ಮೇಲಿನ ಹೊಳಪೆಲ್ಲ ಬೂದಿಬಣ್ಣಕ್ಕೆ ತಿರುಗುತ್ತದೆ.

`Filter Glossy` ಮತ್ತು ಕಾಸ್ಟಿಕ್ಸ್ ಗುರುತುಗಳ ಕೆಲಸವೇನು?

ಕಿರಣ ಒಮ್ಮೆ ಮ್ಯಾಟ್ ಮೇಲ್ಮೈಗೆ ತಾಗಿದ ಮೇಲೆ ಮುಂದೆ ಸಿಗುವ ನುಣುಪಾದ ಮೇಲ್ಮೈಗಳನ್ನು `Filter Glossy` ಸ್ವಲ್ಪ ಒರಟಾಗಿಸುತ್ತದೆ. ಪೂರ್ಣ ನುಣುಪಾದ ಸ್ಟೀಲಿನಿಂದ ದೀಪಕ್ಕೆ ಗುರಿಯಿಡಲು ಆಗದು, ಏಕೆಂದರೆ ಅದು ಬೆಳಕನ್ನು ಒಂದೇ ದಿಕ್ಕಿಗೆ ಕಳುಹಿಸುತ್ತದೆ. ತುಸು ಒರಟಾದರೆ ಅಲ್ಲಿಂದಲೂ ಶ್ಯಾಡೋ ರೇ ಕಳುಹಿಸಬಹುದು. ಕಾಸ್ಟಿಕ್ಸ್ ಮಸುಕಾಗುತ್ತದೆ, ಆದರೆ ಬೆಳಕು ಉಳಿಯುತ್ತದೆ. ಈ ಕಾರಣಕ್ಕೆ ಕ್ಲ್ಯಾಂಪ್‌ಗಿಂತ ಮೊದಲು ಇದನ್ನು 0.5 ಅಥವಾ 1ಕ್ಕೆ ಏರಿಸಿ ನೋಡುವುದು ನನ್ನ ರೂಢಿ. ಕ್ಯಾಮೆರಾ ನೇರವಾಗಿ ನೋಡುವ ಪಾತ್ರೆಯ ಹೊಳಪು ಇದರಿಂದ ಕೆಡುವುದಿಲ್ಲ.

`Reflective` ಮತ್ತು `Refractive` ಗುರುತುಗಳನ್ನು ತೆಗೆದರೆ ಆ ದಾರಿಗಳ ಬೆಳಕು ಪೂರ್ತಿ ಇಲ್ಲವಾಗುತ್ತದೆ. ಗೋಳವನ್ನು ಸರಿಪಡಿಸದೆ `Refractive` ತೆಗೆದರೆ ಕೋಣೆ ಕತ್ತಲಾಗುವುದು ಇದರಿಂದಲೇ.

ನನಗೆ ನೀರಿನ ಲೋಟದ ನೆರಳಿನಲ್ಲಿ ಆ ಹೊಳೆಯುವ ಗೆರೆಗಳು ಬೇಕೇ ಬೇಕು. ಏನು ಮಾಡಲಿ?

ಬ್ಲೆಂಡರ್ 3.2ರಿಂದ ಇದಕ್ಕೆ `Shadow Caustics` ಎಂಬ ದಾರಿಯಿದೆ. ಶ್ಯಾಡೋ ರೇಗೆ ಗಾಜು ಅಡ್ಡ ಬಂದಾಗ ಅದು ಕೈಬಿಡುವುದಿಲ್ಲ. ನೇರ ಗೆರೆಯಿಂದ ಆರಂಭಿಸಿ, ವಕ್ರೀಭವನದ ನಿಯಮಕ್ಕೆ ಒಪ್ಪುವ ಬಾಗಿದ ದಾರಿ ಸಿಗುವ ತನಕ ಗಾಜಿನ ಮೇಲಿನ ಬಿಂದುಗಳನ್ನು ಹಂತಹಂತವಾಗಿ ಸರಿಸುತ್ತದೆ. ಲೈಟ್‌ನಲ್ಲಿ `Shadow Caustics`, ಲೋಟ ಮತ್ತು ನೀರಿಗೆ `Cast Shadow Caustics`, ಮೇಜಿಗೆ `Receive Shadow Caustics` ಈ ಮೂರೂ ಗುರುತು ಇರಬೇಕು. ಒಂದು ಬಿಟ್ಟರೂ ಗೆರೆಗಳು ಮೂಡುವುದಿಲ್ಲ, ಎಚ್ಚರಿಕೆಯ ಸೂಚನೆಯೂ ಬರುವುದಿಲ್ಲ. ಗೋಳಕ್ಕೆ ಈ ಗುರುತು ಹಾಕಬೇಡಿ.

ಇದರ ಮಿತಿಗಳನ್ನು ತಿಳಿದಿರಬೇಕು. ಇದು ವಕ್ರೀಭವನಕ್ಕೆ ಮಾತ್ರ, ಸ್ಟೀಲ್ ಪಾತ್ರೆಯ ಪ್ರತಿಫಲನಕ್ಕೆ ಒದಗದು. ಬಿಂದುಗಳನ್ನು ಸರಿಸುವಾಗ ಮೇಲ್ಮೈಯ ಇಳಿಜಾರನ್ನು ನಂಬುವುದರಿಂದ ಲೋಟಕ್ಕೆ `Shade Smooth` ಇರಲೇಬೇಕು, ಬಂಪ್ ಮ್ಯಾಪ್ ಇದ್ದರೆ ಫಲ ಹದಗೆಡುತ್ತದೆ. ದಾರಿಯಲ್ಲಿ ದಾಟಬಹುದಾದ ಮೇಲ್ಮೈಗಳ ಸಂಖ್ಯೆಗೂ ಮಿತಿಯಿದೆ, ಬಹಳ ಮಂದಿ ಎಡವುವುದು ಇಲ್ಲಿ. ನೀರನ್ನು ಗಾಜಿಗೆ ತಾಗದಂತೆ ಸಣ್ಣ ಸಂದು ಬಿಟ್ಟು ಮಾಡಿದರೆ, ಪಕ್ಕದಿಂದ ಲೋಟವನ್ನು ದಾಟುವ ಕಿರಣ ಆರು ಮೇಲ್ಮೈಗಳನ್ನು ಹಾಯಬೇಕು, ಮೇಲಾಗಿ ಆ ಗಾಳಿಯ ಸಂದು ನೀರಿನ ಲೋಟದ ನೋಟವನ್ನೂ ಸುಳ್ಳಾಗಿಸುತ್ತದೆ. ಗಾಜು ಮತ್ತು ನೀರು ಸೇರುವಲ್ಲಿ ಒಂದೇ ಮೇಲ್ಮೈ ಇಟ್ಟರೆ ನಾಲ್ಕೇ ಸಾಕು. ಆ ಮೇಲ್ಮೈಯ ನಾರ್ಮಲ್‌ಗಳು ಗಾಜಿನ ಕಡೆಗೆ ನೋಡುತ್ತಿದ್ದರೆ ಅದರ `IOR` ಬೆಲೆ 1.33ನ್ನು 1.5ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 0.887 ಇರಬೇಕು.

ಪಾತ್ ಗೈಡಿಂಗ್ ಉಪಯೋಗವೇ?

ಕೆಲವು ದೃಶ್ಯಗಳಿಗೆ ತುಂಬ ಉಪಯೋಗ. ಬ್ಲೆಂಡರ್ 3.4ರಲ್ಲಿ ಇಂಟೆಲ್‌ನ ಓಪನ್ ಪಿಜಿಎಲ್ ಲೈಬ್ರರಿಯ ಮೂಲಕ ಬಂದ ಈ ಸೌಕರ್ಯ, ಸಿಪಿಯು ಮೇಲೆ ರೆಂಡರ್ ಮಾಡುವಾಗ ಮೊದಲ ಸ್ಯಾಂಪಲ್‌ಗಳಿಂದ ಬೆಳಕು ಯಾವ ದಿಕ್ಕಿನಿಂದ ಬರುತ್ತಿದೆ ಎಂದು ಕಲಿತು ಮುಂದಿನ ಕಿರಣಗಳನ್ನು ಆ ಕಡೆಗೆ ಕಳುಹಿಸುತ್ತದೆ. ಅರ್ಧ ತೆರೆದ ಬಾಗಿಲಿನಿಂದ ಮಾತ್ರ ಬೆಳಕು ಬರುವ ಕೋಣೆ ಇದಕ್ಕೆ ಹೇಳಿಮಾಡಿಸಿದ್ದು. ಕಲಿಯಲು ಕೆಲವಾದರೂ ಕಿರಣಗಳು ಬೆಳಕನ್ನು ಕಂಡಿರಬೇಕು, ಹಾಗಾಗಿ ನಮ್ಮ ಗೋಳದಂಥ ಕಡೆ ಮೊದಲು ದಾರಿಯನ್ನು ಸರಿಪಡಿಸುವುದೇ ಲೇಸು.

ಚುಕ್ಕೆಗಳು ಹೋದವು, ಆದರೆ ಡಿನಾಯ್ಸ್ ಮಾಡಿದ ಮೇಲೆ ಗೋಡೆಯಲ್ಲಿ ಮೋಡದಂಥ ಕಲೆಗಳು ಉಳಿದಿವೆ. ಏಕೆ?

ಡಿನಾಯ್ಸರ್ ಬೆಳಕನ್ನು ಹುಡುಕಿ ತರುವುದಿಲ್ಲ, ಇರುವುದನ್ನು ಹರಡುತ್ತದೆ. ಉಳಿದ ಮಿಂಚುಹುಳುವನ್ನು ಅದು ಮಸುಕಾದ ಕಲೆಯಾಗಿ ಹರಡಿಬಿಡುತ್ತದೆ, ಅನಿಮೇಷನ್‌ನಲ್ಲಿ ಆ ಕಲೆ ಫ್ರೇಮಿನಿಂದ ಫ್ರೇಮಿಗೆ ಜಾಗ ಬದಲಿಸಿ ಗೋಡೆ ಕುದಿಯುವಂತೆ ಕಾಣುತ್ತದೆ.

ಇದಕ್ಕೆ ಅಡಾಪ್ಟಿವ್ ಸ್ಯಾಂಪ್ಲಿಂಗ್ ಕೂಡ ಕಾರಣವಾಗಬಹುದು. `Noise Threshold` ಇರುವಾಗ, ಪಿಕ್ಸೆಲ್‌ನಲ್ಲಿ ಏರಿಳಿತ ಕಡಿಮೆಯೆಂದು ಕಂಡರೆ ಎಂಜಿನ್ ಅಲ್ಲಿಗೆ ಸ್ಯಾಂಪಲ್ ಕೊಡುವುದನ್ನು ನಿಲ್ಲಿಸುತ್ತದೆ. ಅಪರೂಪದ ಬೆಳಕು ಇನ್ನೂ ಸಿಗದ ಪಿಕ್ಸೆಲ್ ನಿಶ್ಚಲವಾದ ಕತ್ತಲಾಗಿ ಕಾಣುವುದರಿಂದ ಅದು ಮುಗಿದಿದೆ ಎಂದು ತಪ್ಪಾಗಿ ತಿಳಿಯುತ್ತದೆ. ಪಕ್ಕದ ಪಿಕ್ಸೆಲ್ಲಿಗೆ ಆ ಬೆಳಕು ಸಿಕ್ಕಿದ್ದರೆ ಅದು ಮುಂದುವರಿಯುತ್ತದೆ, ಮತ್ತು ಇಬ್ಬರ ನಡುವಿನ ಅಂತರ ಕಲೆಯಾಗಿ ಉಳಿಯುತ್ತದೆ. `Min Samples` ಅನ್ನು 128 ಅಥವಾ 256ಕ್ಕೆ ಏರಿಸಿ ಅದೇ ಚೌಕಟ್ಟನ್ನು ಮತ್ತೆ ರೆಂಡರ್ ಮಾಡಿ. ಕಲೆ ಕರಗಿದರೆ ಕಾರಣ ಇದೇ ಆಗಿತ್ತು. ಕರಗದಿದ್ದರೆ ಡಿನಾಯ್ಸರ್ ನಿಲ್ಲಿಸಿ, ಕ್ಲ್ಯಾಂಪ್ 0 ಮಾಡಿ, `Diffuse Indirect` ಪಾಸ್ ತೆರೆಯಿರಿ. ಆ ಜಾಗಕ್ಕೆ ಚುಕ್ಕೆ ಕಳುಹಿಸುತ್ತಿರುವ ಇನ್ನೊಂದು ಗಾಜೋ ಲೋಹವೋ ದೃಶ್ಯದಲ್ಲಿ ಇದ್ದೇ ಇರುತ್ತದೆ. ಶಂಕೆಯಿರುವ ವಸ್ತುಗಳನ್ನು ಒಂದೊಂದಾಗಿ ರೆಂಡರ್‌ನಿಂದ ಮರೆಮಾಡುತ್ತ ಹೋದರೆ, ಯಾವುದನ್ನು ಮರೆಮಾಡಿದಾಗ ಚುಕ್ಕೆಗಳು ನಿಲ್ಲುತ್ತವೋ ಅದರ ಮೆಟೀರಿಯಲ್‌ನಿಂದಲೇ ಮತ್ತೆ ಆರಂಭಿಸಬೇಕು.